ಮಾತು ಉಳಿಸಿಕೊಂಡ ಮೋಸ

ಪತ್ತೇದಾರಿ ಕಾದಂಬರಿ ಹಿಡಿದ ಓದುಗನಿಗೆ ಕೊನೆಯ ಪುಟದೊಳಗೆ ಕೊಲೆಗಾರ ಸಿಕ್ಕೇ ಸಿಗುತ್ತಾನೆಂಬ ಭರವಸೆ ಇರುತ್ತದೆ. ಪ್ರೇಮಕಥೆ ಓದುವವರು ಆ ಇಬ್ಬರೂ ಒಂದಾಗುವುದನ್ನು ಕಾಯುತ್ತಾರೆ. ಮಾಂತ್ರಿಕ ಲೋಕದ ಕಥೆಯಲ್ಲಿ ಕೇಡಿನ ಶಕ್ತಿಗೆ ಎದುರಾಗಿ ನಿಲ್ಲುವ ಒಂದು ಗಳಿಗೆ ಬರಲೇಬೇಕು. ಈ ನಿರೀಕ್ಷೆಗಳನ್ನು ಬಗ್ಗಿಸಿದ ಕೆಲವು ಲೇಖಕರನ್ನು ಓದುಗರು ತಲೆಮಾರುಗಟ್ಟಲೆ ಮೆಚ್ಚಿದ್ದಾರೆ. ಅದೇ ಕೆಲಸಕ್ಕೆ ಕೈಹಾಕಿದ ಬಹಳಷ್ಟು ಮಂದಿಯ ಪುಸ್ತಕಗಳನ್ನು ಅರ್ಧಕ್ಕೇ ಮುಚ್ಚಿಟ್ಟಿದ್ದಾರೆ. ಈ ವ್ಯತ್ಯಾಸ ಧೈರ್ಯದ್ದೆಂದು ನನಗೆ ಅನಿಸುವುದಿಲ್ಲ. ಪ್ರತಿಯೊಂದು ಪ್ರಕಾರದಲ್ಲೂ ರೂಢಿ ಎಂಬುದೊಂದು, ಲೇಖಕ ಓದುಗನಿಗೆ ಕೊಟ್ಟ ಮಾತು ಎಂಬುದೊಂದು ಇರುತ್ತವೆ. ರೂಢಿಯನ್ನು ಎಷ್ಟು ಬೇಕಾದರೂ ಮುರಿಯಬಹುದು, ಮಾತು ತಪ್ಪುವಂತಿಲ್ಲ. ಎರಡನ್ನೂ ಒಂದೇ ಎಂದುಕೊಂಡವರು ಸೋಲುತ್ತಾರೆ.

ಇದನ್ನು ಪರೀಕ್ಷಿಸಲು ಅಗಾಥಾ ಕ್ರಿಸ್ಟಿ 1926ರಲ್ಲಿ ಪ್ರಕಟಿಸಿದ ‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ಗಿಂತ ಒಳ್ಳೆಯ ಕೃತಿ ಇಲ್ಲ. ಅದರ ಗುಟ್ಟನ್ನು ಹೇಳದೆ ಚರ್ಚೆ ಸಾಧ್ಯವಿಲ್ಲ. ಓದಿಲ್ಲದವರು ಮೊದಲು ಅದನ್ನು ಓದಿ ಬಂದರೆ ಒಳ್ಳೆಯದು. ಕಿಂಗ್ಸ್ ಅಬಟ್ ಎಂಬ ಹಳ್ಳಿಯ ಸಿರಿವಂತ ಅಕ್ರಾಯ್ಡ್ ತನ್ನ ಓದುವ ಕೋಣೆಯಲ್ಲೇ ಇರಿತದಿಂದ ಸಾಯುತ್ತಾನೆ. ನಿವೃತ್ತನಾಗಿ ತರಕಾರಿ ಬೆಳೆಯಲು ಬಂದ ಪತ್ತೇದಾರ ಪ್ವಾರೋ ಪಕ್ಕದ ಮನೆಯಲ್ಲೇ ಇದ್ದಾನೆ. ಕಥೆ ಹೇಳುವವನು ಊರಿನ ವೈದ್ಯ ಶೆಪರ್ಡ್. ಶೆರ್ಲಾಕ್ ಹೋಮ್ಸ್‌ಗೆ ವಾಟ್ಸನ್ ಇದ್ದಂತೆ ಪ್ವಾರೋನ ಬೆನ್ನಿಗಿದ್ದು ನಡೆದದ್ದನ್ನೆಲ್ಲ ಬರೆದಿಡುವ ಸಭ್ಯ ಮನುಷ್ಯ. ಕೊಲೆ ಮಾಡಿದವನು ಅವನೇ.

ಈ ಗುಟ್ಟಿಗೆ ಸಿಟ್ಟಾದ ಓದುಗರ ವಾದ ಸರಳವಾಗಿತ್ತು. ನಿರೂಪಕನನ್ನು ನಂಬುವುದು ಓದುವಿಕೆಯ ಬುಡ, ಅದನ್ನೇ ಕಡಿದರೆ ಆಟಕ್ಕೆ ಅರ್ಥವಿಲ್ಲ. 1928ರಲ್ಲಿ ಅಮೆರಿಕದ ಲೇಖಕ ಎಸ್.ಎಸ್. ವ್ಯಾನ್ ಡೈನ್ ಪತ್ತೇದಾರಿ ಕಥೆಗೆ ಇಪ್ಪತ್ತು ನಿಯಮಗಳನ್ನು ಬರೆದ. ಮರುವರ್ಷ ಇಂಗ್ಲೆಂಡಿನ ಪಾದ್ರಿ ರೊನಾಲ್ಡ್ ನಾಕ್ಸ್ ಹತ್ತು ನಿಯಮಗಳನ್ನು ಕೊಟ್ಟ. ಅಪರಾಧಿ ಕಥೆಯ ಆರಂಭದಲ್ಲೇ ಕಾಣಿಸಿಕೊಳ್ಳಬೇಕು, ಆದರೆ ಓದುಗ ಯಾರ ಮನಸ್ಸಿನೊಳಗೆ ಹೊಕ್ಕು ನೋಡಿದ್ದಾನೋ ಅವನು ಅಪರಾಧಿಯಾಗಬಾರದು ಎಂಬುದು ನಾಕ್ಸನ ಮೊದಲ ನಿಯಮ. ಈ ನಿಯಮದ ಎರಡನೆಯ ಭಾಗವನ್ನು ನಿಖರವಾಗಿ ಹೇಳುವುದು ಕಷ್ಟವೆಂದೂ ಕ್ರಿಸ್ಟಿಯ ಬರಹವೇ ಅದಕ್ಕೆ ಕಾರಣವೆಂದೂ ಅವನೇ ಒಪ್ಪಿಕೊಂಡ. ನಿಯಮ ಬರೆದವನಿಗೇ ಆ ಪುಸ್ತಕವನ್ನು ಹೊರಗಿಡಲು ಮನಸ್ಸು ಬರಲಿಲ್ಲ.

ಏಕೆಂದು ಅರಿಯಲು ನಾಲ್ಕನೆಯ ಅಧ್ಯಾಯವನ್ನು ಹತ್ತಿರದಿಂದ ನೋಡಬೇಕು. ರಾತ್ರಿ ಎಂಟು ನಲವತ್ತಕ್ಕೆ ಅಕ್ರಾಯ್ಡ್‌ನ ಕೈಗೆ ಒಂದು ಪತ್ರ ಬರುತ್ತದೆ. ಬೆದರಿಸಿ ಹಣ ಕೀಳುತ್ತಿದ್ದವನ, ಅಂದರೆ ಶೆಪರ್ಡ್‌ನ, ಹೆಸರು ಅದರಲ್ಲಿದೆ. ಎಂಟು ಐವತ್ತಕ್ಕೆ ತಾನು ಕೋಣೆ ಬಿಟ್ಟೆ, ಆಗಲೂ ಅಕ್ರಾಯ್ಡ್ ಪತ್ರವನ್ನು ಓದಿರಲಿಲ್ಲ ಎಂದು ಶೆಪರ್ಡ್ ಬರೆಯುತ್ತಾನೆ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು, ಏನಾದರೂ ಮಾಡುವುದು ಉಳಿದಿದೆಯೇ ಎಂದು ಹಿಂದಿರುಗಿ ನೋಡಿದೆ ಎಂದೂ ಸೇರಿಸುತ್ತಾನೆ. ಇಲ್ಲಿ ಒಂದೂ ಸುಳ್ಳಿಲ್ಲ. ಕೊಲೆ ನಡೆದದ್ದು ಆ ಹತ್ತು ನಿಮಿಷಗಳಲ್ಲಿ, ಎರಡು ವಾಕ್ಯಗಳ ಸಂದಿನಲ್ಲಿ. ಓದುಗನ ಎದುರಿಗೆ ಗಡಿಯಾರವಿತ್ತು, ಅವನು ಲೆಕ್ಕ ಹಾಕಲಿಲ್ಲ. ಮುಂದೆ ಹೆಣ ಸಿಕ್ಕಾಗ ಶೆಪರ್ಡ್ ಬಟ್ಲರ್‌ನನ್ನು ಪೊಲೀಸರಿಗೆ ಫೋನ್ ಮಾಡಲು ಕಳಿಸಿ, ತಾನು ಮಾಡಬೇಕಿದ್ದ ಅಲ್ಪಸ್ವಲ್ಪವನ್ನು ಮಾಡಿದೆ ಎನ್ನುತ್ತಾನೆ. ಆ ಅಲ್ಪಸ್ವಲ್ಪವೆಂದರೆ, ಸತ್ತವನ ದನಿ ಒಂಬತ್ತೂವರೆಗೆ ಕೇಳಿಸುವಂತೆ ತಾನೇ ಇಟ್ಟಿದ್ದ ಡಿಕ್ಟಫೋನನ್ನು ಚೀಲಕ್ಕೆ ಸೇರಿಸಿ, ಅದು ಬಾಗಿಲಿನಿಂದ ಕಾಣದಂತೆ ಮುಂದಕ್ಕೆಳೆದಿದ್ದ ಕುರ್ಚಿಯನ್ನು ಗೋಡೆಗೆ ತಳ್ಳುವುದು. ಆ ಕುರ್ಚಿ ಜಾಗ ಬದಲಿಸಿದೆ ಎಂಬುದನ್ನು ಬಟ್ಲರ್ ಹೇಳುತ್ತಾನೆ, ಪ್ವಾರೋ ಮತ್ತೆ ಮತ್ತೆ ಕೇಳುತ್ತಾನೆ. ಉಳಿದವರಿಗೆಲ್ಲ ಅದು ಕ್ಷುಲ್ಲಕ ವಿಷಯ.

ಪತ್ತೇದಾರಿ ಪ್ರಕಾರ ಕೊಡುವ ಮಾತು ಇದೇ: ಉತ್ತರ ನಿನ್ನ ಕಣ್ಣೆದುರಿಗೇ ಇರುತ್ತದೆ. ನಿರೂಪಕ ನಿರಪರಾಧಿಯಾಗಿರುತ್ತಾನೆ ಎಂಬ ಮಾತನ್ನು ಯಾರೂ ಕೊಟ್ಟಿರಲಿಲ್ಲ. ಅದು ಕೋನನ್ ಡಾಯ್ಲ್‌ನನ್ನು ಓದಿ ಓದಿ ಬೆಳೆದ ಅಭ್ಯಾಸ. ಕ್ರಿಸ್ಟಿ ಅಭ್ಯಾಸವನ್ನು ಮುರಿದು ಮಾತನ್ನು ಇನ್ನಷ್ಟು ಬಿಗಿಯಾಗಿ ಪಾಲಿಸಿದರು. ಎಲ್ಲರನ್ನೂ ಸಂಶಯಿಸುವುದು ಓದುಗನ ಕೆಲಸ ಎಂದು ಡೊರೊತಿ ಸೇಯರ್ಸ್ ಕ್ರಿಸ್ಟಿಯ ಪರ ನಿಂತದ್ದು ಇದಕ್ಕೇ. ಮುಚ್ಚಿಡುವುದೂ ಸುಳ್ಳಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಶೆಪರ್ಡ್ ಕಾದಂಬರಿಯೊಳಗೇ ಒಂದು ಹಸ್ತಪ್ರತಿ ಬರೆಯುತ್ತಿದ್ದಾನೆ, ಪ್ವಾರೋ ಅದನ್ನು ಓದಿ, ನಿಮ್ಮ ಬಗ್ಗೆ ಇಷ್ಟು ಕಡಿಮೆ ಬರೆದುಕೊಂಡಿದ್ದೀರಲ್ಲ ಎಂಬ ಅರ್ಥದಲ್ಲಿ ಮೆಚ್ಚುತ್ತಾನೆ. ಮುಚ್ಚಿಟ್ಟದ್ದರ ಸುಳಿವೂ ಹೀಗೆ ಓದುಗನಿಗೆ ಸಿಕ್ಕಿದೆ. ಕೊನೆಯ ಅಧ್ಯಾಯದಲ್ಲಿ ತಲೆತೋರಿಸುವ ಅವಳಿ ಸಹೋದರನಿಗೂ ಯಾರೂ ಕೇಳರಿಯದ ವಿಷಕ್ಕೂ ಈ ರಕ್ಷಣೆ ಇಲ್ಲ. ಪರೀಕ್ಷೆ ಸುಲಭ: ಗುಟ್ಟು ತಿಳಿದ ಮೇಲೆ ಮೊದಲಿಂದ ಓದಿದಾಗ ಕೃತಿ ಸಡಿಲವಾದರೆ ಲೇಖಕ ಮೋಸ ಮಾಡಿದ್ದಾನೆ, ಬಿಗಿಯಾದರೆ ಮಾತು ಉಳಿಸಿಕೊಂಡಿದ್ದಾನೆ.

ಉಳಿದ ಎರಡು ಪ್ರಕಾರಗಳಲ್ಲೂ ಬಗ್ಗಿಸುವ ಬಗೆ ಹೆಚ್ಚು ಬೇರೆಯಲ್ಲ. ಡಾಫ್ನೆ ಡು ಮೋರಿಯೆಯ ‘ರೆಬೆಕ್ಕಾ’ (1938) ಮದುವೆಯ ಸುಖಕ್ಕೆ ಕೊಳ್ಳಿಯಿಡುತ್ತದೆ, ಮನೆಯೇ ಸುಟ್ಟುಹೋಗುತ್ತದೆ. ಆದರೆ ಮನೆ ಇಲ್ಲವಾಗಿದೆ, ದಂಪತಿ ಮಾತ್ರ ಪರದೇಶದಲ್ಲಿ ಜೊತೆಗಿದ್ದಾರೆ ಎಂಬುದನ್ನು ಮೊದಲ ಎರಡು ಅಧ್ಯಾಯಗಳೇ ಹೇಳಿಬಿಡುತ್ತವೆ. ಕಸಿದುಕೊಳ್ಳುವುದನ್ನು ಲೇಖಕಿ ಮುಂಚೆಯೇ ತಿಳಿಸಿರುವುದರಿಂದ ಓದುಗ ಬೇರೆ ಪ್ರಶ್ನೆ ಹಿಡಿದು ಮುಂದೆ ಹೋಗುತ್ತಾನೆ. ಅರ್ಸುಲಾ ಲೆಗ್ವಿನ್‌ರ ‘ಎ ವಿಝರ್ಡ್ ಆಫ್ ಅರ್ತ್‌ಸೀ’ (1968)ಯಲ್ಲಿ ಮಹಾಯುದ್ಧವೇ ನಡೆಯುವುದಿಲ್ಲ. ಅದರ ನಾಯಕ ಗೆಡ್ ತನ್ನನ್ನು ಬೆನ್ನಟ್ಟಿದ ನೆರಳನ್ನು ತನ್ನದೇ ಹೆಸರಿನಿಂದ ಕರೆಯುತ್ತಾನೆ. ವಸ್ತುವಿನ ನಿಜನಾಮ ಬಲ್ಲವನಿಗೆ ಅದರ ಮೇಲೆ ಅಧಿಕಾರ ಎಂಬ ನಿಯಮ ಆರಂಭದಿಂದಲೂ ಇದೆ. ಆದ್ದರಿಂದ ಕತ್ತಿಯಿಲ್ಲದ ಆ ಗಳಿಗೆಗೆ ಯುದ್ಧದಷ್ಟೇ ತೂಕ ಬರುತ್ತದೆ.

ಇವೆಲ್ಲ ಕಸುಬಿನ ಜಾಣ್ಮೆ, ಸಾಹಿತ್ಯಕ್ಕೆ ಇದರಿಂದೇನು ಎಂದು ಕೇಳುವವರಿದ್ದಾರೆ. 1945ರಲ್ಲಿ ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ ಅಕ್ರಾಯ್ಡ್‌ನನ್ನು ಯಾರು ಕೊಂದರೆ ಯಾರಿಗೇನು ಎಂಬ ಶೀರ್ಷಿಕೆಯಲ್ಲೇ ಈ ಪ್ರಕಾರವನ್ನು ತಳ್ಳಿಹಾಕಿದ. ಅವನಿಗೆ ಕನ್ನಡದಲ್ಲೇ ಉತ್ತರವಿದೆ. ತೇಜಸ್ವಿಯವರ ‘ಚಿದಂಬರ ರಹಸ್ಯ’ ಏಲಕ್ಕಿ ಬೆಳೆಯ ಕುಸಿತ, ವಿಜ್ಞಾನಿ ಜೋಗಿಹಾಳರ ಸಾವು, ತನಿಖೆಗೆ ಬಂದ ಅಧಿಕಾರಿ ಅಂಗಡಿ ಎಂಬ ಪತ್ತೇದಾರಿ ಸಾಮಗ್ರಿಯಿಂದ ಶುರುವಾಗಿ ಕೊನೆಗೆ ಬೆಂಕಿಯಲ್ಲಿ ಮುಗಿಯುತ್ತದೆ. ತನಿಖೆಯ ಅಚ್ಚುಕಟ್ಟಾದ ಮುಕ್ತಾಯಕ್ಕಾಗಿ ಅದನ್ನು ಓದುವವರಿಗೆ ನಿರಾಸೆಯಾಗಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ತೇಜಸ್ವಿ ಕಥೆ ನಡೆಯುವ ಕೆಸರೂರಿನ ಜಾತಿ, ದುರಾಸೆ, ಅಜ್ಞಾನಗಳನ್ನು ಮೊದಲಿಂದಲೇ ತನಿಖೆಗಿಂತ ಮುಂದೆ ತರುತ್ತಾರೆ. ಪ್ರಶ್ನೆ ಒಬ್ಬ ಅಪರಾಧಿಯಿಂದ ಇಡೀ ಊರಿಗೆ ಹಿಗ್ಗುವುದು ಓದುಗನ ಎದುರಿಗೇ ನಡೆಯುತ್ತದೆ. ಹಿಗ್ಗಿದ ಆ ಪ್ರಶ್ನೆಗೆ ಬೆಂಕಿ ಉತ್ತರವಾಗುತ್ತದೆ. ಇದು ಕ್ರಿಸ್ಟಿಯ ದಾರಿಗಿಂತ ಅಪಾಯದ್ದು: ಮೂಲ ಮಾತನ್ನೇ ಬದಲಿಸುವವರು ಬದಲಿಸುತ್ತಿರುವುದನ್ನು ಮುಚ್ಚಿಡಬಾರದು, ಬದಲಿಗೆ ಕೊಡುವುದು ಹಗುರವಾಗಿರಬಾರದು.

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿಂದ ಕನ್ನಡದಲ್ಲೂ ಪತ್ತೇದಾರಿಯ ದೊಡ್ಡ ಓದುಗ ಬಳಗ ಬೆಳೆಯಿತು. ಈಗ ಈ ಪ್ರಕಾರಗಳಿಗೆ ಹೊಸದಾಗಿ ಬರುವ ಲೇಖಕರಲ್ಲಿ ನನ್ನ ಕೋರಿಕೆ ಇಷ್ಟೆ: ತಿರುವನ್ನು ಬರೆದು ಮುಗಿಸಿದ ಮೇಲೆ ಮೊದಲ ಅಧ್ಯಾಯಗಳಿಗೆ ವಾಪಸು ಹೋಗಿ, ಅಲ್ಲಿನ ಪ್ರತಿ ವಾಕ್ಯವೂ ಗುಟ್ಟು ಬಲ್ಲ ಓದುಗನ ಮುಂದೆ ನಿಜವಾಗಿ ನಿಲ್ಲುವ ತನಕ ತಿದ್ದಿ.