ಒಂದು ಎಳೆಯ ಕವನದಲ್ಲಿ ‘ಒಂಟಿ’ಯ ಪರ್ಯಾಯಪದಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮಳೆಯಾಶ್ರಯದ ಹಳ್ಳಿಗಳಿಂದ ಸುಗ್ಗಿ ಮುಗಿದ ಬಳಿಕ ಅನೇಕ ಕುಟುಂಬಗಳು ದುಡಿಮೆಗಾಗಿ ಗುಳೆ ಹೋಗುತ್ತವೆ. ಓದುವ ಮಕ್ಕಳು ಅಜ್ಜಿಯರೊಡನೆ ಊರಲ್ಲೇ ಉಳಿಯುತ್ತಾರೆ. ಈ ಭಾಗದ ಪದವಿಪೂರ್ವ ತರಗತಿಯ ವಿದ್ಯಾರ್ಥಿನಿಯೊಬ್ಬಳ ಕಿರುಗವನದ ವಸ್ತುವೂ ಇದೇ. ಒಂದೇ ಅನುಭವವನ್ನು ಹೇಳಲು ಆಕೆ ನಾಲ್ಕು ಪದಗಳನ್ನು ಬಳಸಿದ್ದಾಳೆ. ಅವು ನಿಜವಾಗಿ ಪರ್ಯಾಯಪದಗಳೇ ಎಂಬುದು ಇಲ್ಲಿನ ವಿಚಾರ.

ಕವನದ ಲಯ ಐದೈದು ಮಾತ್ರೆಗಳ ಗಣಗಳದು. ಏಕಾಂತ, ಏಕಾಂಗಿ, ಏಕಾಕಿ, ಒಬ್ಬಳೇ, ಪರದೇಶಿ ಇವೆಲ್ಲವೂ ಐದು ಮಾತ್ರೆಯ ಪದಗಳು. ಆದುದರಿಂದ ಒಂದರ ಸ್ಥಾನದಲ್ಲಿ ಮತ್ತೊಂದನ್ನಿರಿಸಿದರೆ ಛಂದಸ್ಸು ಕೆಡುವುದಿಲ್ಲ. ಛಂದಸ್ಸಿನ ಒತ್ತಾಯವಿಲ್ಲದ ಕಡೆ ಆಯ್ಕೆಯ ಹೊಣೆಯೆಲ್ಲ ಅರ್ಥದ ಮೇಲೆಯೇ ಬೀಳುತ್ತದೆ.

“ಮನೆಯೊಳಗೆ ನಾನಿಂದು ಏಕಾಂತ” ಎಂಬುದು ಮೊದಲ ಸಾಲು. ಇಲ್ಲಿ ಸ್ಪಷ್ಟವಾಗಿ ದೋಷವಿದೆ. ಏಕಾಂತವು ಸ್ಥಿತಿಯ ಹೆಸರೇ ಹೊರತು ವ್ಯಕ್ತಿಯ ವಿಶೇಷಣವಲ್ಲ. ‘ಏಕಾಂತದಲ್ಲಿ’ ಇರಬಹುದು, ‘ಏಕಾಂತ’ವಾಗಿರಲಾಗದು. ಅಲ್ಲದೆ ಅದು ಬಯಸಿ ಪಡೆಯುವ ಸ್ಥಿತಿ. ದೇವಾಲಯದ ಏಕಾಂತಸೇವೆಯನ್ನು ನೆನೆದರೆ ಸಾಕು, ಈ ಹುಡುಗಿಯ ಸಂಜೆಗೂ ಆ ಪದಕ್ಕೂ ಇರುವ ದೂರ ತಿಳಿಯುತ್ತದೆ. “ಹಿತ್ತಿಲಲಿ ಬೇವೊಂದು ಏಕಾಂಗಿ” ಎಂಬಲ್ಲಿಯೂ ಪದ ಸಡಿಲ. ಏಕಾಂಗಿ ಎಂದೊಡನೆ ಹೋರಾಟದ ಛಾಯೆ ಬರುತ್ತದೆ. ಮರಕ್ಕೆ ಒಪ್ಪುವುದು ‘ಒಂಟಿ’. ಒಂಟಿ ಎತ್ತು ಎನ್ನುವಾಗ ನೊಗದ ಇನ್ನೊಂದು ತುದಿ ಬರಿದಾಗಿರುವುದು ರೈತನಿಗೆ ಕಾಣುತ್ತದೆ. ಜೊತೆಯ ಅಭಾವವೇ ಆ ಪದದ ಒಡಲು. ‘ಒಂಟಿಯೇ’ ಎಂದಿದ್ದರೆ ಮಾತ್ರೆಯೂ ಸರಿಹೋಗುತ್ತಿತ್ತು.

ಆದರೆ ಮೂರನೆಯ ಸಾಲು ಬೇರೆಯೇ ಮಟ್ಟದ್ದು: “ಅಜ್ಜಿಯಿಹಳಾದರೂ ಒಬ್ಬಳೇ.” ಇದನ್ನು ‘ಏಕಾಕಿ’ ಎಂದು ತಿದ್ದಿದರೆ ಪ್ರೌಢವಾದೀತೆಂದು ಅಧ್ಯಾಪಕರಿಗೆ ತೋರಬಹುದು, ಮೊದಲ ಓದಿನಲ್ಲಿ ನನಗೂ ಹಾಗೆಯೇ ತೋರಿತ್ತು. ಅದು ತಪ್ಪು. ಒಬ್ಬಳು ಎಂಬುದು ಎಣಿಕೆಯ ಪದ. ತನ್ನಷ್ಟಕ್ಕೆ ಅದರಲ್ಲಿ ದುಃಖವಿಲ್ಲ. “ಒಬ್ಬಳೇ ಬಂದಳು” ಎಂದರೆ ಮರುಕ ಹುಟ್ಟುವುದಿಲ್ಲ. ಇಲ್ಲಿ ಮನೆಯಲ್ಲಿರುವವರು ಇಬ್ಬರು, ಲೆಕ್ಕಕ್ಕೆ ಬಂದದ್ದು ಒಬ್ಬಳು. ಈ ತಪ್ಪು ಲೆಕ್ಕದಿಂದಲೇ ನೋವು ಹೊರಡುತ್ತದೆ. ಏಕಾಕಿ ಎಂದಿದ್ದರೆ ನೋವನ್ನು ಹೆಸರಿಸಿದಂತಾಗುತ್ತಿತ್ತು, ಲೆಕ್ಕ ಅಳಿದುಹೋಗುತ್ತಿತ್ತು. ಇನ್ನೊಂದು ಅಂಶ: ಸಾಲಿನಲ್ಲಿ ‘ನಾನು’ ಇಲ್ಲ. ಒಬ್ಬಳೇ ಆದವಳು ಮೊಮ್ಮಗಳೋ ಅಜ್ಜಿಯೋ? ವ್ಯಾಕರಣ ಎರಡಕ್ಕೂ ಎಡೆಗೊಡುತ್ತದೆ. ಕವಯಿತ್ರಿ ಇದನ್ನು ಉದ್ದೇಶಿಸಿದ್ದಳೆಂದು ನಾನು ವಾದಿಸುವುದಿಲ್ಲ.

ಕವನದ ಕಡೆಯ ಪದ ‘ಪರದೇಶಿ’. ನಿಘಂಟಿನಂತೆ ಅದು ಬೇರೆ ನಾಡಿಗೆ ಸೇರಿದವನ ಹೆಸರು. ಆಡುಮಾತಿನಲ್ಲಿ ದಿಕ್ಕಿಲ್ಲದವರ ಹೆಸರು. ಪರಸ್ಥಳಕ್ಕೆ ಹೋದವರು ತಾಯಿತಂದೆ. ಊರು ಬಿಡದೆ ಪರದೇಶಿಯಾದವಳು ಮಗಳು.