ಬಂಡವಾಳ ಬಂದಾಗ ಬರುವ ಪತ್ರಗಳು

2024ರ ಜುಲೈನಲ್ಲಿ ‘ನಮ್ಮ ಯಾತ್ರಿ’ಗೆ 1 ಕೋಟಿ 10 ಲಕ್ಷ ಡಾಲರ್ ಬಂಡವಾಳ ಬಂದ ಸುದ್ದಿ ಪ್ರಕಟವಾಯಿತು. ಬ್ಲೂಮ್ ವೆಂಚರ್ಸ್ ಮತ್ತು ಆಂಟ್ಲರ್ ಹಣ ಹಾಕಿದ್ದವು, ಗೂಗಲ್ ಕೂಡ ಜೊತೆಗಿತ್ತು. ಬೆಂಗಳೂರಿನ ಆಟೊ ಚಾಲಕರ ನಡುವೆ ಹುಟ್ಟಿ ಬೆಳೆದ ಆ್ಯಪ್‌ಗೆ ಹೊರಗಿನ ಹಣ ಬಂತೆಂದರೆ ಓದುವವರಿಗೆಲ್ಲ ಕುತೂಹಲ. ಆದರೆ ಇಂಥ ಸುದ್ದಿಯನ್ನು ಹೊಟ್ಟೆಪಾಡಿಗಾಗಿ ಓದುವ ಇನ್ನೊಂದು ವರ್ಗವಿದೆ. ಪೇರೋಲ್ ನೋಡಿಕೊಳ್ಳುವವರು, ಆಫೀಸಿನ ಒಳಾಂಗಣ ಮಾಡುವವರು, ಗುಂಪು ವಿಮೆ ಮಾರುವವರು, ಊಟ ಸರಬರಾಜು ಮಾಡುವವರು. ಸುದ್ದಿ ಬಂದ ಬೆಳಿಗ್ಗೆಯೇ ಇವರ ಪತ್ರಗಳು ಹೊರಡುತ್ತವೆ. ಎಲ್ಲ ಪತ್ರಗಳ ಮೊದಲ ಸಾಲು ಒಂದೇ: ನಿಮಗೆ ಬಂಡವಾಳ ಬಂದದ್ದಕ್ಕೆ ಅಭಿನಂದನೆ.

ಗುರುತಿಲ್ಲದವರಿಗೆ ವ್ಯವಹಾರದ ಪತ್ರ ಬರೆಯಲು ಒಂದು ನಿಮಿತ್ತ ಬೇಕು. ಬಂಡವಾಳ, ಹೊಸ ನೇಮಕಾತಿ, ಹೊಸ ಶಾಖೆ ಮುಂತಾದ ಘಟನೆಗಳನ್ನು ಆ ನಿಮಿತ್ತವಾಗಿ ಹಿಡಿಯಿರಿ ಎಂದು ಮಾರಾಟ ಕಲಿಸುವವರೆಲ್ಲ ಹೇಳುತ್ತಾರೆ. ಮಾತು ತಪ್ಪಲ್ಲ. ಅದನ್ನು ಜನ ಆಚರಿಸುವ ರೀತಿಯ ಬಗ್ಗೆ ನನ್ನ ತಕರಾರು. ಬಹುಪಾಲು ಪತ್ರಗಳಲ್ಲಿ ಘಟನೆಗೂ ಮಾರಲು ಬಂದ ಸರಕಿಗೂ ಸಂಬಂಧವೇ ಇರುವುದಿಲ್ಲ. ಪರೀಕ್ಷೆ ಸುಲಭ: ಘಟನೆಯ ಸಾಲನ್ನು ಹೊಡೆದುಹಾಕಿ ಉಳಿದದ್ದನ್ನು ಓದಿ. ಪತ್ರ ಒಂದಿಷ್ಟೂ ಊನವಾಗದೆ ನಿಂತರೆ ಆ ಸಾಲು ಬರೀ ತೋರಣ.

ಚಂದ್ರಾ ಲೇಔಟಿನಲ್ಲೋ ನಾಗರಭಾವಿಯಲ್ಲೋ ಮನೆ ಕಟ್ಟಿಸಿದವರಿಗೆ ಇದು ಗೊತ್ತು. ಮೋಲ್ಡ್ ಹಾಕುವ ಮುಂಚೆ ಬಂದ ಎಲೆಕ್ಟ್ರಿಷಿಯನ್‌ಗೆ ಕೆಲಸವಿದೆ, ಕಾಂಕ್ರೀಟ್ ಸುರಿಯುವ ಮೊದಲೇ ಪೈಪು ಕೂರಿಸಬೇಕು. ಮಾರನೇ ದಿನ ಬಂದವನಿಗೆ ಆ ಕೆಲಸವಿಲ್ಲ. ಗೃಹಪ್ರವೇಶದ ಚಪ್ಪರ ಕಂಡು ಒಳಬಂದು, ಮನೆ ಚೆನ್ನಾಗಿದೆ ಎಂದು ಹೊಗಳಿ ಕಾರ್ಡು ಕೊಡುವವನಿಗೆ ಸಿಗುವುದು ಊಟ ಮಾತ್ರ.

ಬಂಡವಾಳದ ಸುದ್ದಿಯೂ ಬಹುತೇಕ ಗೃಹಪ್ರವೇಶದ ಚಪ್ಪರವೇ. ಖಾಸಗಿ ಕಂಪನಿಯೊಂದು ಹೂಡಿಕೆದಾರರಿಂದ ಹಣ ಪಡೆಯುವುದಕ್ಕೆ 2013ರ ಕಂಪನಿ ಕಾಯ್ದೆಯ 42ನೇ ಕಲಮು ಒಂದು ಕ್ರಮ ಹಾಕಿದೆ. ಹಣ ಬಂದ 60 ದಿನಗಳೊಳಗೆ ಷೇರು ಹಂಚಬೇಕು. ಹಂಚಿದ 15 ದಿನಗಳೊಳಗೆ ಪಿಎಎಸ್-3 ಎಂಬ ನಮೂನೆಯನ್ನು ಕಂಪನಿ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಅದನ್ನು ಸಲ್ಲಿಸುವವರೆಗೆ ಆ ಹಣವನ್ನು ಬಳಸುವಂತಿಲ್ಲ. ಪತ್ರಿಕೆಗೆ ಹೇಳಿಕೆ ಕೊಡುವ ದಿನಕ್ಕೆ ಮಾತ್ರ ಯಾವ ಕಾನೂನೂ ಇಲ್ಲ. ಕಂಪನಿಗೆ ಅನುಕೂಲವಾದಾಗ, ಹೊಸ ಆ್ಯಪ್ ಬಿಡುವಾಗಲೋ ನೇಮಕಾತಿಗೆ ಹೆಸರು ಬೇಕಾದಾಗಲೋ, ವಾರಗಳ ನಂತರ ಅಥವಾ ತಿಂಗಳುಗಳ ನಂತರ ಸುದ್ದಿ ಹೊರಬೀಳಬಹುದು. ಹಾಗಾಗಿ ಪೇಪರಿನಲ್ಲಿ ಓದಿ ಬರೆಯುವವನು ಮುಂಚೂಣಿಯಲ್ಲಿದ್ದೇನೆ ಎಂದುಕೊಂಡಿದ್ದರೂ ಹಣ ಎಲ್ಲಿ ಖರ್ಚಾಗಬೇಕೆಂದು ಆ ಹೊತ್ತಿಗೆ ತೀರ್ಮಾನವಾಗಿರುವುದು ಹೆಚ್ಚು. ಸಲ್ಲಿಸಿದ ಪಿಎಎಸ್-3 ಅನ್ನು ಕಾರ್ಪೊರೇಟ್ ಸಚಿವಾಲಯದ ಪೋರ್ಟಲಿನಲ್ಲಿ ನೂರು ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಅಭಿನಂದನೆ ಬರೆಯುವವರಲ್ಲಿ ಆ ನೂರು ರೂಪಾಯಿ ಖರ್ಚು ಮಾಡಿದವರು ಎಷ್ಟು ಮಂದಿ ಇದ್ದಾರೋ!

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಬಂಡವಾಳ ಬಂತೆಂಬ ಸುದ್ದಿ ಹೇಳುವುದು ಕೊಳ್ಳುವ ಶಕ್ತಿಯನ್ನು, ಕೊಳ್ಳುವ ಅಗತ್ಯವನ್ನಲ್ಲ. ‘ನಮ್ಮ ಯಾತ್ರಿ’ಯ ಸುದ್ದಿಯಲ್ಲೇ ಹಣ ಎಲ್ಲಿಗೆ ಹೋಗುತ್ತದೆ ಎಂಬ ಸುಳಿವಿತ್ತು: ಎಂಜಿನಿಯರಿಂಗ್ ತಂಡ ಬೆಳೆಸುವುದು, ಬಸ್ಸಿನಂಥ ಸಾರ್ವಜನಿಕ ಸಾರಿಗೆಯನ್ನೂ ಆ್ಯಪ್‌ನೊಳಕ್ಕೆ ತರುವುದು. ಜೊತೆಗೆ, ಚಾಲಕನಿಂದ ಸವಾರಿಗಿಷ್ಟು ಕಮಿಷನ್ ಕೀಳದೆ ದಿನಕ್ಕೆ 25 ರೂಪಾಯಿಯಂಥ ಚಂದಾ ಪಡೆಯುವುದು ಅವರ ಪದ್ಧತಿ. ಸವಾರಿ ಹೆಚ್ಚಿದರೂ ಚಂದಾ ಕಟ್ಟಿದ ಚಾಲಕನಿಂದ ಬರುವ ಆದಾಯ ಹೆಚ್ಚದು. ಇಷ್ಟನ್ನು ಓದಿಕೊಂಡವನು ‘ಪ್ರತಿ ಸವಾರಿಗೆ ಇಷ್ಟು ಪೈಸೆ’ ಎಂಬ ದರಪಟ್ಟಿ ಹಿಡಿದು ಅಂಥ ಕಂಪನಿಯ ಬಾಗಿಲಿಗೆ ಹೋಗುವುದಿಲ್ಲ. ಸುದ್ದಿಯ ಮೊತ್ತ ಎಲ್ಲರ ಕಣ್ಣಿಗೂ ಬೀಳುತ್ತದೆ, ಅದರ ಕೆಳಗಿನ ಎರಡು ಸಾಲು ಓದುವವರು ಕಡಿಮೆ.

ನೇಮಕಾತಿಯ ಮಾತು ಬೇರೆ. ನನ್ನ ಮಟ್ಟಿಗೆ ಬಂಡವಾಳಕ್ಕಿಂತ ಅದು ಎಷ್ಟೋ ಒಳ್ಳೆಯ ನಿಮಿತ್ತ, ಏಕೆಂದರೆ ಜನ ಸೇರಿದರೆ ಕೆಲಸ ತಾನಾಗಿ ಹುಟ್ಟುತ್ತದೆ. ಅತ್ತಿಗುಪ್ಪೆ ಮೆಟ್ರೊ ನಿಲ್ದಾಣದ ಆಸುಪಾಸಿನಲ್ಲಿ, ಅಂಗಡಿಗಳ ಮೇಲಿನ ಮಹಡಿಯಲ್ಲಿ ಕೂತು ಪಿ.ಎಫ್., ಇ.ಎಸ್.ಐ. ಲೆಕ್ಕ ನೋಡಿಕೊಳ್ಳುವ ಒಬ್ಬ ಕನ್ಸಲ್ಟೆಂಟ್ ಅನ್ನು ಕಲ್ಪಿಸಿಕೊಳ್ಳಿ. ಮಾಗಡಿ ರಸ್ತೆಯ ಗಾರ್ಮೆಂಟ್ಸ್, ಪೀಣ್ಯದ ವರ್ಕ್‌ಶಾಪುಗಳ ಕಡತ ನೋಡಿಯೇ ತಲೆ ನರೆತಿದೆ. ಈಗ ಸ್ಟಾರ್ಟಪ್‌ಗಳ ಕಡೆಗೂ ಕೈ ಚಾಚಬೇಕೆಂದಿದ್ದಾರೆ. ಅವರಿಗೆ ಮೂರು ಸಂಖ್ಯೆ ಬಾಯಿಪಾಠ: 10 ಜನರಾದರೆ ಇ.ಎಸ್.ಐ., 20 ಆದರೆ ಪಿ.ಎಫ್., 50 ಆದರೆ ಮಕ್ಕಳ ಪಾಲನಾ ಕೇಂದ್ರ. ನೇಮಕಾತಿಯ ಜಾಹೀರಾತು ಕಂಪನಿಯನ್ನು ಈ ಗೆರೆಗಳಲ್ಲೊಂದನ್ನು ದಾಟಿಸುತ್ತದೆಯೇ ಎಂಬುದೇ ಅವರು ಕೇಳಿಕೊಳ್ಳಬೇಕಾದ ಪ್ರಶ್ನೆ.

ಅವರ ಕಣ್ಣಿಗೆ ಬಿದ್ದ ಕಂಪನಿ ದಿನಸಿಯನ್ನು ಮನೆಗೆ ಮುಟ್ಟಿಸುವಂಥದ್ದು ಎನ್ನಿ. ಇದೂ ಕಲ್ಪಿತವೇ. ಈಗಿರುವವರು ಏಳು ಮಂದಿ: ಆರು ಎಂಜಿನಿಯರುಗಳು, ಒಬ್ಬ ಅಕೌಂಟೆಂಟ್. ನಾಗರಭಾವಿಯಲ್ಲಿ ಗೋದಾಮು ಬಾಡಿಗೆಗೆ ಹಿಡಿದು ಪ್ಯಾಕಿಂಗ್‌ಗೆ 12 ಮಂದಿ ಬೇಕೆಂದು ಜಾಹೀರಾತು ಕೊಟ್ಟಿದ್ದಾರೆ, ಸಂಬಳ 17,000. ಜೊತೆಗೆ ಒಬ್ಬ ಎಚ್.ಆರ್. ಎಕ್ಸಿಕ್ಯುಟಿವ್ ಬೇಕು.

ಅನುಭವವಿಲ್ಲದವರು ಇಲ್ಲಿ ‘ನಿಮಗೆ ಪಿ.ಎಫ್., ಇ.ಎಸ್.ಐ. ನೋಂದಣಿ ಮಾಡಿಸಿಕೊಡುತ್ತೇವೆ’ ಎಂದು ಬರೆದು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. 2020ರ ಫೆಬ್ರುವರಿಯಿಂದ ಹೊಸ ಕಂಪನಿ ಸ್ಪೈಸ್ ಪ್ಲಸ್ ನಮೂನೆಯಲ್ಲಿ ಸ್ಥಾಪನೆಯಾಗುವಾಗಲೇ ಎರಡೂ ನೋಂದಣಿ ಸಂಖ್ಯೆ ಬಂದುಬಿಡುತ್ತವೆ. ಜನ ಗೆರೆ ದಾಟುವವರೆಗೆ ಅವು ಸುಮ್ಮನೆ ಕಡತದಲ್ಲಿ ಮಲಗಿರುತ್ತವೆ, ಅಷ್ಟೆ. ಇರುವುದನ್ನೇ ಮಾರಲು ಬಂದವರೆಂದು ಅಕೌಂಟೆಂಟ್ ಆ ಪತ್ರವನ್ನು ಅಲ್ಲಿಗೇ ಮುಚ್ಚುತ್ತಾರೆ.

ಬಲ್ಲವರು ಸಂಬಳದ ಅಂಕಿ ನೋಡುತ್ತಾರೆ. ಇ.ಎಸ್.ಐ. ಅನ್ವಯವಾಗುವುದು ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳವಿರುವವರಿಗೆ. ಹನ್ನೆರಡು ಮಂದಿಯೂ ಎಂಜಿನಿಯರುಗಳೇ ಆಗಿದ್ದರೆ ಹತ್ತರ ಗೆರೆ ದಾಟಿದರೂ ವಂತಿಗೆ ಕಟ್ಟಬೇಕಾದವರು ಬಹುಶಃ ಒಬ್ಬರೂ ಇರುತ್ತಿರಲಿಲ್ಲ. ಇಲ್ಲಿ ಹನ್ನೆರಡೂ ಜನ ಆ ಮಿತಿಯೊಳಗೆ. ಒಬ್ಬೊಬ್ಬರಿಗೆ ಮಾಲೀಕರ ಪಾಲು ಶೇ 3.25, ಅಂದರೆ 553 ರೂಪಾಯಿಯಷ್ಟು. ನೌಕರರ ಪಾಲು ಶೇ 0.75. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಮೊತ್ತ ಚಿಕ್ಕದು, ಅದನ್ನು ಕಟ್ಟದಿದ್ದರೆ ಆಗುವ ಪಜೀತಿ ಚಿಕ್ಕದಲ್ಲ. ಗೋದಾಮಿನಲ್ಲಿ ಕಾಲಿನ ಮೇಲೆ ಪೆಟ್ಟಿಗೆ ಬಿದ್ದು ಹುಡುಗನನ್ನು ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಕರೆದೊಯ್ದಾಗ ಅವನ ಹೆಸರೇ ದಾಖಲಾಗಿಲ್ಲ ಎಂದು ತಿಳಿದರೆ, ನಿಗಮ ಕೊಡುವ ಸೌಲಭ್ಯದ ವೆಚ್ಚವನ್ನು ಮಾಲೀಕರಿಂದ ವಸೂಲು ಮಾಡಲು ಅವಕಾಶವಿದೆ.

ಈ ಜಾಹೀರಾತಿನಲ್ಲಿ ನನಗೆ ಅತಿ ಮುಖ್ಯವಾಗಿ ಕಾಣುವುದು ಆ ಎಚ್.ಆರ್. ಹುದ್ದೆ. ಏಳು ಮತ್ತು ಹನ್ನೆರಡು ಸೇರಿದರೆ 19. ಇಪ್ಪತ್ತನೆಯವರೇ ಎಚ್.ಆರ್. ಅವರು ಸೇರಿದ ದಿನವೇ ಪಿ.ಎಫ್. ಗೆರೆಯೂ ದಾಟುತ್ತದೆ. ಅಲ್ಲಿಯವರೆಗೆ ಈ ತಲೆನೋವು ಅಕೌಂಟೆಂಟಿನದು, ಅವರಿಗೆ ಜಿ.ಎಸ್.ಟಿ. ಬಿಟ್ಟರೆ ಬೇರೆ ಯೋಚಿಸಲು ಪುರುಸೊತ್ತಿಲ್ಲ. ಎಚ್.ಆರ್. ಬಂದ ಮೇಲೆ ತಮ್ಮ ಹಿಂದಿನ ಕಂಪನಿಯ ಪರಿಚಯದ ಕನ್ಸಲ್ಟೆಂಟನ್ನೇ ಕರೆಸುತ್ತಾರೆ, ಅದು ಸಹಜ. ಹಾಗಾಗಿ ಪತ್ರಕ್ಕೆ ಸಿಗುವ ಅವಕಾಶ ಜಾಹೀರಾತು ಬಿದ್ದ ದಿನದಿಂದ ಎಚ್.ಆರ್. ಕುರ್ಚಿಯಲ್ಲಿ ಕೂರುವವರೆಗಿನ ಕೆಲವೇ ವಾರ. ಬರೆಯಬೇಕಾದದ್ದೂ ಸ್ಥಾಪಕರಿಗಲ್ಲ, ಅಕೌಂಟೆಂಟಿಗೆ.

ಪತ್ರದ ಒಡಲು ಇಷ್ಟಿದ್ದರೆ ಸಾಕು: ‘ನಾಗರಭಾವಿ ಗೋದಾಮಿಗೆ 12 ಪ್ಯಾಕಿಂಗ್ ಹುದ್ದೆಗಳ ನಿಮ್ಮ ಜಾಹೀರಾತು ನೋಡಿದೆ. ಸಂಬಳ 17,000 ಆದ್ದರಿಂದ ಅವರೆಲ್ಲರೂ ಇ.ಎಸ್.ಐ. ವ್ಯಾಪ್ತಿಗೆ ಬರುತ್ತಾರೆ. ನಿಮ್ಮ ಇ.ಎಸ್.ಐ. ಸಂಖ್ಯೆ ಕಂಪನಿ ಸ್ಥಾಪನೆಯಾದಾಗಲೇ ಬಂದಿರಬೇಕು, ಆದರೆ ಪ್ರತಿಯೊಬ್ಬರ ವಿವರವನ್ನು ಕೆಲಸಕ್ಕೆ ಸೇರಿದ 10 ದಿನಗಳೊಳಗೆ ದಾಖಲಿಸಬೇಕು. ನನ್ನ ಕಚೇರಿ ಅತ್ತಿಗುಪ್ಪೆಯಲ್ಲಿದೆ. ಸೇರುವ ದಿನ ಗೋದಾಮಿಗೇ ಬಂದು ಹನ್ನೆರಡೂ ಜನರ ಆಧಾರ್, ಬ್ಯಾಂಕ್ ವಿವರ ತೆಗೆದುಕೊಂಡು ದಾಖಲಿಸಿಕೊಡಬಲ್ಲೆ. ಯಾವ ದಿನ ಸೇರುತ್ತಿದ್ದಾರೆ?’ ಇದರಲ್ಲಿ ಅಭಿನಂದನೆ ಇಲ್ಲ, ಬಂಡವಾಳದ ಮಾತಿಲ್ಲ. ಮೊದಲ ಸಾಲು ಹೊಡೆದುಹಾಕಿ ನೋಡಿ, ಉಳಿದದ್ದಕ್ಕೆ ತಲೆಬುಡವಿಲ್ಲ. ‘ಜಾಹೀರಾತು ನೋಡಿದೆ’ ಎಂದು ನೇರವಾಗಿ ಹೇಳಿರುವುದೂ ನನಗೆ ಒಪ್ಪಿಗೆ. ಎಲ್ಲಿಂದ ತಿಳಿಯಿತೆಂಬುದನ್ನು ಮುಚ್ಚಿಟ್ಟು ಕಾಕತಾಳೀಯದಂತೆ ಬರೆದರೆ ಓದುವವರಿಗೆ ತಮ್ಮ ಬೆನ್ನ ಹಿಂದೆ ಯಾರೋ ನಿಂತಂತೆ ಅನ್ನಿಸುತ್ತದೆ. ನೌಕರರು ತಮ್ಮತಮ್ಮಲ್ಲಿ ಹಂಚಿಕೊಂಡ ಅಳಲನ್ನು ಹೆಕ್ಕಿ ಮಾಲೀಕರಿಗೆ ಪತ್ರ ಬರೆಯುವವರೂ ಇದ್ದಾರೆ. ಅದು ನಿಮಿತ್ತವಲ್ಲ, ಚಾಡಿ.

ಹಾಗೆಂದು ನೇಮಕಾತಿಯ ಜಾಹೀರಾತೆಲ್ಲ ನಿಜ ಹೇಳುತ್ತದೆ ಎನ್ನಲಾಗದು. ಪ್ಯಾಕಿಂಗ್ ಕೆಲಸಕ್ಕೆ ಜನ ಬರುತ್ತಾರೆ, ಹೋಗುತ್ತಾರೆ. ಹನ್ನೆರಡು ಹುದ್ದೆ ಎಂದರೆ ಹನ್ನೆರಡು ಹೊಸ ಜನ ಎಂದಲ್ಲ, ಬಿಟ್ಟುಹೋದವರ ಜಾಗ ತುಂಬುವುದೂ ಆಗಿರಬಹುದು. ಆಗ ಕಂಪನಿ ಗೆರೆಯನ್ನು ಎಂದೋ ದಾಟಿರುತ್ತದೆ, ಕನ್ಸಲ್ಟೆಂಟೂ ಇರುತ್ತಾರೆ. ತಿಂಗಳುಗಟ್ಟಲೆ ಅದೇ ಜಾಹೀರಾತು ಮತ್ತೆ ಮತ್ತೆ ಬೀಳುತ್ತಿದ್ದರೆ ಹಾಗೆಂದೇ ತಿಳಿಯಬೇಕು. ಹೊಸ ವಿಳಾಸ, ಸೇರುವ ನಿರ್ದಿಷ್ಟ ತಾರೀಖು, ಒಂದೇ ಸಲ ಹಲವು ಬಗೆಯ ಹುದ್ದೆ, ಇವು ಕಂಡರೆ ನಿಜವಾದ ಬೆಳವಣಿಗೆ ಇರುವ ಸಂಭವ ಹೆಚ್ಚು. ಅನುಮಾನವಿದ್ದರೆ ಗೋದಾಮಿನ ಮುಂದೆ ಒಮ್ಮೆ ಹಾದುಹೋದರಾಯಿತು. ರ‍್ಯಾಕುಗಳು ಇನ್ನೂ ಜೋಡಣೆಯಾಗುತ್ತಿವೆಯೋ, ಹಳೇ ರಟ್ಟಿನ ಪೆಟ್ಟಿಗೆಗಳ ರಾಶಿ ಬಿದ್ದಿದೆಯೋ ಎಂಬುದು ರಸ್ತೆಯಿಂದಲೇ ಕಾಣುತ್ತದೆ. ಕೋರಮಂಗಲದ ಕಚೇರಿಯಿಂದ ದಿನಕ್ಕೆ ಸಾವಿರ ಪತ್ರ ಹಾರಿಸುವವರಿಗೆ ಇದು ಆಗದ ಕೆಲಸ, ಅತ್ತಿಗುಪ್ಪೆಯವರಿಗೆ ಹತ್ತು ನಿಮಿಷದ ದಾರಿ.

ಗುತ್ತಿಗೆದಾರನ ಮೂಲಕ ನೇಮಕವಾಗುತ್ತಿದ್ದರೆ ಲೆಕ್ಕ ಮತ್ತೆ ಬದಲಾಗುತ್ತದೆ. ಜಾಹೀರಾತು ಕೊಟ್ಟವನು ಗುತ್ತಿಗೆದಾರ, ಹನ್ನೆರಡು ಜನರ ವಂತಿಗೆಯನ್ನು ಅವನೇ ತನ್ನ ಸಂಖ್ಯೆಯಲ್ಲಿ ಕಟ್ಟುತ್ತಿರಬಹುದು. ಆಗ ‘ನಾನು ದಾಖಲಿಸಿಕೊಡುತ್ತೇನೆ’ ಎಂಬ ಪತ್ರ ವ್ಯರ್ಥ. ಆದರೆ ಅವನು ಕಟ್ಟದಿದ್ದರೆ ಹೊಣೆ ಮುಖ್ಯ ಮಾಲೀಕರ ಮೇಲೇ ಬೀಳುತ್ತದೆ. ಆದ್ದರಿಂದ ಅದೇ ಅಕೌಂಟೆಂಟಿಗೆ ಬೇರೊಂದು ಪತ್ರ ಬರೆಯಬಹುದು: ಗುತ್ತಿಗೆದಾರನ ಬಿಲ್ಲು ಪಾಸು ಮಾಡುವ ಮುನ್ನ ಅವನು ಕಟ್ಟಿದ ಚಲನ್‌ನಲ್ಲಿ ಈ ಹನ್ನೆರಡೂ ಹೆಸರು ಇವೆಯೇ ಎಂದು ಪ್ರತಿ ತಿಂಗಳು ನೋಡಿಕೊಡುತ್ತೇನೆ ಎಂದು. ಇದಕ್ಕೆ ಶುಲ್ಕ ಕಡಿಮೆ. ಆದರೆ ಎಚ್.ಆರ್. ಬಂದ ಮೇಲೂ ಈ ಕೆಲಸ ಉಳಿಯುತ್ತದೆ.