ಅಂಚೆಟ್ಟಿಯಿಂದ ಜರ್ಮನಿಗೆ ಒಂದು ಪುಟ

ಮೋಟಿವೇಶನ್ ಲೆಟರನ್ನು ಯಾರೂ ರುಚಿಗಾಗಿ ಓದುವುದಿಲ್ಲ. ಅದು ಅರ್ಜಿಯ ಜೊತೆಗಿಡುವ ಕಾಗದ. ಬಯೋಡೇಟಾದಲ್ಲಿ ಹೇಳಲಾಗದ್ದನ್ನು, ಅಂದರೆ ‘ಯಾಕೆ ಬರುತ್ತೀಯ, ಬಂದರೆ ಹೇಗಿರುತ್ತೀಯ’ ಎಂಬುದನ್ನು, ಒಂದು ಪುಟದಲ್ಲಿ ಹೇಳಬೇಕು. ಹೊಸೂರು, ದೆಂಕಣಿಕೋಟೆ ಕಡೆಯ ಹುಡುಗ ಹುಡುಗಿಯರು ಹೊರದೇಶದ ಸ್ವಯಂಸೇವೆಗೆ ಅರ್ಜಿ ಹಾಕುವಾಗ ಕೆಲವರು ಕರಡನ್ನು ನನಗೆ ತೋರಿಸುತ್ತಾರೆ. ಹೆಚ್ಚಿನವನ್ನು ತಿದ್ದಿ ಕೊಟ್ಟು ಮರೆತಿದ್ದೇನೆ. ಅಂಚೆಟ್ಟಿಯ ಒಬ್ಬ ಹುಡುಗಿಯ ಪತ್ರದ ಪ್ರತಿಯನ್ನು ಮಾತ್ರ ಅವಳನ್ನು ಕೇಳಿ ಇಟ್ಟುಕೊಂಡೆ. ಈಗಲೂ ಆಗಾಗ ತೆಗೆದು ಓದುತ್ತೇನೆ.

ಅವಳು ಅರ್ಜಿ ಹಾಕಿದ್ದು ಜರ್ಮನಿಯ ‘ವೆಲ್ಟ್‌ವೆರ್ಟ್ಸ್’ ಯೋಜನೆಗೆ. 2008ರಲ್ಲಿ ಶುರುವಾದಾಗ ಅದು ಜರ್ಮನ್ ಯುವಕರನ್ನು ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕಗಳಿಗೆ ಕಳಿಸುವ ಯೋಜನೆಯಾಗಿತ್ತು. ಬರೀ ಅವರೇ ಬಂದುಹೋದರೆ ವಿನಿಮಯ ಎಲ್ಲಿ ಬಂತು ಎಂಬ ಮಾತೆದ್ದು, ಕೆಲವು ವರ್ಷಗಳ ನಂತರ ಇಲ್ಲಿನವರೂ ಅಲ್ಲಿಗೆ ಹೋಗುವ ದಾರಿ ತೆರೆಯಿತು. ಹೋದವರು ವೃದ್ಧಾಶ್ರಮ, ಶಿಶುವಿಹಾರ, ಅಂಗವಿಕಲರ ವಸತಿಗೃಹದಂಥ ಕಡೆ ಸಾಮಾನ್ಯವಾಗಿ ಒಂದು ವರ್ಷ ದುಡಿಯುತ್ತಾರೆ. ಊಟ, ವಸತಿ, ವಿಮೆ, ಕೈಖರ್ಚಿಗೆ ಒಂದಿಷ್ಟು ದುಡ್ಡು ಸಿಗುತ್ತದೆ, ಸಂಬಳವಿಲ್ಲ. ವರ್ಷದಲ್ಲಿ 25 ದಿನ ತರಬೇತಿ ಶಿಬಿರವಿರುತ್ತದೆ. 2011ರಲ್ಲಿ ಆ ದೇಶ ಕಡ್ಡಾಯ ಸೈನ್ಯಸೇವೆಯನ್ನು ನಿಲ್ಲಿಸಿತು. ಸೈನ್ಯಕ್ಕೆ ಬದಲಾಗಿ ಆಸ್ಪತ್ರೆ, ಆಶ್ರಮಗಳಲ್ಲಿ ದುಡಿಯುತ್ತಿದ್ದ ಹುಡುಗರ ಪಾಳಿಯೂ ಅದರೊಂದಿಗೆ ಮುಗಿದು, ಸ್ವಂತ ಇಷ್ಟದಿಂದ ಸೇರುವ ಸೇವೆಗೆ ಹೊಸ ಕಾನೂನು ಬಂತು. ನಮ್ಮವರಲ್ಲಿ ಅನೇಕರು ಹೋಗುವುದು ಆ ಕಾನೂನಿನಡಿಯಲ್ಲೇ. ಅಲ್ಲಿನವರಿಗೆ ನಿಜವಾಗಿಯೂ ಕೈಗಳು ಬೇಕಿವೆ. ಪತ್ರ ಬರೆಯುವವರು ಮೊದಲು ತಿಳಿದಿರಬೇಕಾದದ್ದು ಇದು, ಆದರೆ ಬಹಳ ಜನ ತಿಳಿದಿರುವುದಿಲ್ಲ. ‘ಯುರೋಪಿನ ಸಂಸ್ಕೃತಿಯನ್ನು ಅನುಭವಿಸುವ ಹಂಬಲ’ ಎಂದು ಬರೆಯುತ್ತಾರೆ. ಆ ಪತ್ರ ಓದುವ ಆಶ್ರಮದ ಮೇಲ್ವಿಚಾರಕಿಗೆ ಬೇಕಾದದ್ದು ಬೆಳಿಗ್ಗೆ ಏಳಕ್ಕೆ ಹದಿನೆಂಟು ಮುದುಕರಿಗೆ ತಿಂಡಿ ಕೊಡಬಲ್ಲ ಒಬ್ಬ ಮನುಷ್ಯ.

ಅಂಚೆಟ್ಟಿಯ ಹುಡುಗಿಯ ಪತ್ರದಲ್ಲಿ ಹಂಬಲ ಎಂಬ ಮಾತೇ ಇಲ್ಲ. ಅದು ಹೀಗೆ ಶುರುವಾಗುತ್ತದೆ: ‘ನಮ್ಮ ಮನೆಯಲ್ಲಿ ಕನ್ನಡ, ನಾನು ಓದಿದ ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ಅರ್ಧ ತೆಲುಗು. ಇಂಗ್ಲಿಷ್ ತಡವಾಗಿ ಬಂತು. ಜರ್ಮನ್ ಎ1 ಪರೀಕ್ಷೆ ಪಾಸಾಗಿದ್ದೇನೆ, ಆದರೆ ಫೋನಿನಲ್ಲಿ ಯಾರಾದರೂ ಜರ್ಮನ್ ಮಾತಾಡಿದರೆ ನನಗಿನ್ನೂ ಅರ್ಥವಾಗುವುದಿಲ್ಲ.’

ಈ ಕೊನೆಯ ವಾಕ್ಯದಲ್ಲಿ ನಾನು ಪ್ರತಿಸಲವೂ ನಿಲ್ಲುತ್ತೇನೆ. ಕೃಷ್ಣಗಿರಿ ಜಿಲ್ಲೆಯ ಈ ಮೂಲೆಯಲ್ಲಿ ಮೂರು ಭಾಷೆ ಆಡುವುದು ಯಾರೂ ಹೆಮ್ಮೆಪಡುವ ಸಂಗತಿಯಲ್ಲ, ಬದುಕುವ ರೀತಿ. 2006ರ ಕಾನೂನು ತಮಿಳುನಾಡಿನ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಕಡ್ಡಾಯ ಮಾಡಿದ ಮೇಲೆ, ಕನ್ನಡದ ಮನೆಗಳಿಂದ ಹೋದ ಅನೇಕ ಮಕ್ಕಳು ಅಕ್ಷರಾಭ್ಯಾಸವನ್ನೇ ಇನ್ನೊಂದು ನುಡಿಯಲ್ಲಿ ಮಾಡಿದರು. ಅದರ ಸರಿತಪ್ಪಿನ ಚರ್ಚೆ ಬೇರೆ. ಹುಡುಗಿ ಅದನ್ನು ದೂರಾಗಿಯೂ ಬರೆದಿಲ್ಲ, ಸಾಧನೆಯಾಗಿಯೂ ಬರೆದಿಲ್ಲ. ತನಗೆ ಎಷ್ಟು ಬರುತ್ತದೆ, ಎಲ್ಲಿಗೆ ನಿಲ್ಲುತ್ತದೆ ಎಂದು ತೋರಿಸಿ ಮುಂದೆ ಹೋಗಿದ್ದಾಳೆ. ‘ನಾನು ಹೊಸ ಪರಿಸರಕ್ಕೆ ಬೇಗ ಹೊಂದಿಕೊಳ್ಳುತ್ತೇನೆ’ ಎಂದು ಬರೆಯುವವರು ನೂರು ಜನ. ಆ ವಾಕ್ಯವನ್ನು ಓದುವವಳು ನಂಬುವ ಹಾಗೂ ಇಲ್ಲ, ಸುಳ್ಳೆನ್ನುವ ಹಾಗೂ ಇಲ್ಲ. ಫೋನಿನ ಮಾತು ಅರ್ಥವಾಗುವುದಿಲ್ಲ ಎಂದರೆ ಮಾತ್ರ ಆಶ್ರಮದ ಮೇಲ್ವಿಚಾರಕಿಗೆ ತಕ್ಷಣ ಒಂದು ಉಪಯೋಗವಿದೆ: ಮೊದಲ ತಿಂಗಳುಗಳಲ್ಲಿ ಇವಳನ್ನು ಫೋನಿನ ಹತ್ತಿರ ಕೂರಿಸಬಾರದು.

ಎರಡನೆಯ ಪ್ಯಾರಾ ಅಜ್ಜಿಯದು. ಸೊಂಟದ ಮೂಳೆ ಮುರಿದು ಅಜ್ಜಿ ಹಾಸಿಗೆ ಹಿಡಿದಾಗ ಮಗ್ಗುಲು ಬದಲಿಸುವ, ಅಂಬಲಿ ಕುಡಿಸುವ, ಬಟ್ಟೆ ಒಗೆಯುವ ಕೆಲಸ ಇವಳ ಪಾಲಿಗೆ ಬಂತು. ಹಾಸಿಗೆಹುಣ್ಣು ಆಗದಿರಲು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕೆಂದು ಆಸ್ಪತ್ರೆಯ ನರ್ಸ್ ಹೇಳಿದ್ದರು. ಇಷ್ಟನ್ನು ಯಾರಾದರೂ ಬರೆದಾರು, ಬರೆದು ‘ಇದರಿಂದ ಸೇವೆಯ ಮಹತ್ವ ಅರಿತೆ’ ಎಂದು ಮುಗಿಸಿಯಾರು. ಇವಳು ಬರೆದದ್ದು ಬೇರೆ: ‘ಎರಡು ವಾರವಾದ ಮೇಲೆ ಒಂದು ದಿನ ಅಜ್ಜಿ ಅಂಬಲಿ ಉಗುಳಿದಾಗ ನಾನು ಲೋಟ ಕುಕ್ಕಿದೆ. ಅಮ್ಮ ನನ್ನನ್ನು ಬೈಯಲಿಲ್ಲ, ಹೊಲಕ್ಕೆ ಕಳಿಸಿದಳು. ಅವತ್ತಿನಿಂದ ಮಧ್ಯಾಹ್ನದ ಹೊತ್ತು ಅಮ್ಮ ನೋಡಿಕೊಂಡಳು, ರಾತ್ರಿ ನಾನು. ನನಗೆ ಯಾವಾಗ ಸಿಟ್ಟು ಬರುತ್ತದೆಂದು ಈಗ ಗೊತ್ತು. ಬರುವ ಮುಂಚೆ ಹೇಳಬಲ್ಲೆ.’

ಈ ಪ್ಯಾರಾವನ್ನು ತೆಗೆದುಬಿಡು ಎಂದು ಅವಳಿಗೆ ಹೇಳಿದವರಿದ್ದರು. ಲೋಟ ಕುಕ್ಕಿದವಳನ್ನು ಯಾರು ಕರೆಸಿಕೊಳ್ಳುತ್ತಾರೆ ಎಂಬುದು ಅವರ ವಾದ. ನನಗೆ ಅದು ಒಪ್ಪಿಗೆಯಿಲ್ಲ. ಆರೈಕೆಯ ಕೆಲಸ ಮಾಡಿದವರಿಗೆಲ್ಲ ಆ ಗಳಿಗೆ ಗೊತ್ತು. ಅದನ್ನು ದಾಟಿಲ್ಲದವರು ಆ ಕೆಲಸವನ್ನು ಇನ್ನೂ ಮಾಡಿಲ್ಲ. ಇಲ್ಲಿ ಹುಡುಗಿಯ ಕೈಚಳಕವೂ ಇದೆ, ಅವಳಿಗೇ ಗೊತ್ತಿಲ್ಲದೆ. ತಪ್ಪು ಒಂದು ವಾಕ್ಯ, ಅಮ್ಮ ಮಾಡಿದ್ದು ಒಂದು ವಾಕ್ಯ, ಅದರಿಂದ ಹುಟ್ಟಿದ ವ್ಯವಸ್ಥೆ ಒಂದು ವಾಕ್ಯ, ಇವತ್ತಿನ ಸಾಮರ್ಥ್ಯ ಎರಡು ವಾಕ್ಯ. ಅಳತೆ ಎಲ್ಲೂ ತಪ್ಪಿಲ್ಲ.

ಆಮೇಲೆ ಬರುತ್ತದೆ ನಾನು ಹೆಚ್ಚು ಮೆಚ್ಚುವ ಮೂರನೆಯ ಪ್ಯಾರಾ. ನಿರೀಕ್ಷೆಗಳ ಬಗ್ಗೆ ಬರೆಯಿರಿ ಎಂದು ಅರ್ಜಿಯಲ್ಲಿತ್ತು. ಅವಳು ತಾನು ಏನನ್ನು ನಿರೀಕ್ಷಿಸುವುದಿಲ್ಲ ಎಂಬಲ್ಲಿಂದ ಹೊರಟಳು. ಮೊದಲ ಎರಡು ತಿಂಗಳು ಅಡುಗೆಮನೆ, ಬಟ್ಟೆ ಮಡಚುವುದು, ಗಾಲಿಕುರ್ಚಿ ತಳ್ಳುವುದು ಇಷ್ಟೇ ಸಿಗಬಹುದು. ತಾನು ನರ್ಸ್ ಅಲ್ಲ, ಮಾತ್ರೆ ಕೊಡುವ ಅಧಿಕಾರ ತನಗಿರುವುದಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆಂದು ಓದಿದ್ದಾಳೆ, ಅದು ಹೇಗಿರುತ್ತದೆಂದು ಗೊತ್ತಿಲ್ಲ. ‘ಚಳಿಗೆ ಬಟ್ಟೆ ಇದೆ. ಇಲ್ಲಿಯವರೆಗೆ ನಾನು ಒಂದು ರಾತ್ರಿಯೂ ಕೋಣೆಯಲ್ಲಿ ಒಬ್ಬಳೇ ಮಲಗಿಲ್ಲ. ನನಗೆ ಕಷ್ಟವಾಗುವುದು ಅದೇ ಎಂದು ತೋರುತ್ತದೆ.’ ಮಾಂಸದ ವಿಷಯವನ್ನೂ ಮುಚ್ಚಿಟ್ಟಿಲ್ಲ: ‘ನಾನು ತಿನ್ನುವುದಿಲ್ಲ. ಬಡಿಸಬಲ್ಲೆ, ಪಾತ್ರೆ ತೊಳೆಯಬಲ್ಲೆ. ನನ್ನ ಅಡುಗೆಗೆ ಒಂದು ಒಲೆ ಸಿಕ್ಕರೆ ಸಾಕು.’

ಮಲಗುವ ಮಾತು ಅವಳಿಗೆ ಎಲ್ಲಿಂದ ಹೊಳೆಯಿತೋ. ವಿಮಾನ, ಹಿಮ, ಬ್ರೆಡ್ಡು ಇವೆಲ್ಲ ಯಾರಿಗಾದರೂ ನೆನಪಾಗುವ ಕಷ್ಟಗಳು. ಒಂದೇ ಕೋಣೆಯಲ್ಲಿ ಅಜ್ಜಿ, ಅಕ್ಕ, ತಮ್ಮ ಸಾಲಾಗಿ ಮಲಗುವ ಮನೆಯಿಂದ ಹೊರಟವಳಿಗೆ ಮಾತ್ರ ಬಾಗಿಲು ಮುಚ್ಚಿದ ಸ್ವಂತ ಕೋಣೆ ಕಷ್ಟವಾಗಿ ಕಾಣುತ್ತದೆ. ಎಲ್ಲರೂ ಸೌಕರ್ಯ ಎಂದುಕೊಂಡದ್ದನ್ನು ಅವಳು ಕಷ್ಟದ ಕಡೆಗೆ ಬರೆದಿದ್ದಾಳೆ. ವಾಸ್ತವದ ನಿರೀಕ್ಷೆ ಎಂದರೆ ಕೆಟ್ಟದ್ದನ್ನೆಲ್ಲ ಪಟ್ಟಿ ಮಾಡಿ ‘ಎದುರಿಸುತ್ತೇನೆ’ ಎನ್ನುವುದು ಎಂದುಕೊಂಡವರು ಈ ಎರಡು ವಾಕ್ಯ ನೋಡಬೇಕು.

ಇಂಥ ಸೇವೆಯ ಹುಟ್ಟಿನಲ್ಲೇ ವಾಸ್ತವದ ನಿರೀಕ್ಷೆಯ ಪಾಠವಿದೆ. 1920ರಲ್ಲಿ ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ ಬೇರೆಬೇರೆ ದೇಶದ ಕೆಲವರನ್ನು ಕಟ್ಟಿಕೊಂಡು ಫ್ರಾನ್ಸಿನ ವರ್ಡನ್ ಬಳಿಯ ಏನ್ ಎಂಬ ಹಳ್ಳಿಗೆ ಹೋದ. ಯುದ್ಧದಲ್ಲಿ ನೆಲಸಮವಾದ ಊರು ಅದು. ಗುಂಡಿ ಮುಚ್ಚಿದರು, ತಾತ್ಕಾಲಿಕ ಮನೆ ಕಟ್ಟಿದರು. ಆದರೆ ಗುಂಪಿನಲ್ಲಿ ಜರ್ಮನರಿದ್ದದ್ದು ಸುತ್ತಲಿನವರಿಗೆ ಹಿಡಿಸಲಿಲ್ಲ. ಕೆಲವೇ ತಿಂಗಳಲ್ಲಿ ಕೆಲಸ ಬಿಟ್ಟು ಹೊರಡಬೇಕಾಯಿತು. ಅದೇ ಸೆರೆಸೋಲ್ 1934ರ ಬಿಹಾರದ ಭೂಕಂಪದ ನಂತರ ನಮ್ಮ ದೇಶಕ್ಕೂ ಬಂದು ಹಳ್ಳಿ ಕಟ್ಟುವ ಕೆಲಸ ಮಾಡಿದ. ಸಹಾಯಕ್ಕೆ ಬಂದವರನ್ನು ಊರು ಬೇಡ ಎನ್ನಬಹುದು ಎಂಬುದು ಅವನಿಗೆ ಮೊದಲ ವರ್ಷವೇ ತಿಳಿದಿತ್ತು. ಅಂಚೆಟ್ಟಿಯ ಪತ್ರದಲ್ಲಿ ಇದರ ನೆರಳಿರುವ ಒಂದು ಸಾಲಿದೆ: ‘ಯಾರಾದರೂ ಅಜ್ಜ ನನ್ನ ಕೈಯಿಂದ ಊಟ ಬೇಡ ಎಂದರೆ ಇನ್ನೊಬ್ಬರನ್ನು ಕರೆಯುತ್ತೇನೆ.’

ಸಂಸ್ಕೃತಿ ವಿನಿಮಯ ಎಂದೊಡನೆ ನಮ್ಮವರ ಪತ್ರಗಳಲ್ಲಿ ಯೋಗ, ಸೀರೆ, ಭರತನಾಟ್ಯ ಸಾಲುಗಟ್ಟುತ್ತವೆ, ಬರಲಿ ಬಾರದಿರಲಿ. ಇವಳು ಕೊಡುತ್ತೇನೆಂದದ್ದು ಎರಡೇ. ಒಂದು, ರಾಗಿ ಹೊಲದಲ್ಲಿ ರಾತ್ರಿ ಅಟ್ಟದ ಮೇಲೆ ಕೂತು ಆನೆ ಕಾಯುವ ಕತೆಗಳು. ಜವಳಗಿರಿ ಕಾಡಿನ ಕಡೆಯಿಂದ ಆನೆಗಳು ಬರುವ ಈ ಸೀಮೆಯಲ್ಲಿ ಅದಕ್ಕೆ ಕೊರತೆಯಿಲ್ಲ. ಇನ್ನೊಂದು, ಚೌಕಾಬಾರ. ಐದೈದರ ಇಪ್ಪತ್ತೈದು ಮನೆ, ಸೀಮೆಸುಣ್ಣದಲ್ಲಿ ಗೆರೆ, ಕವಡೆ ಇಲ್ಲದಿದ್ದರೆ ಒಂದು ಮಗ್ಗುಲು ತೇಯ್ದ ಹುಣಸೆಬೀಜ. ಜರ್ಮನಿಯ ಮನೆಮನೆಯಲ್ಲೂ ಇರುವ ‘ಮೆನ್ಷ್ ಎರ್ಗೆರೆ ಡಿಷ್ ನಿಷ್ಟ್’ ಎಂಬ ಆಟವೂ ನಮ್ಮ ಪಗಡೆಯ ವಂಶದ್ದೇ, ಅದನ್ನು ರೂಪಿಸಿದವನು ಯೋಸೆಫ್ ಫ್ರೀಡ್ರಿಷ್ ಶ್ಮಿಟ್, ದೊಡ್ಡ ಪ್ರಮಾಣದಲ್ಲಿ ತಯಾರಾಗತೊಡಗಿದ್ದು 1914ರಲ್ಲಿ. ಇವಳು ಅದನ್ನು ಎಲ್ಲೋ ಓದಿ ಹೀಗೆ ಬರೆದಳು: ‘ನಿಮ್ಮ ಆಟ ನನಗೆ ಅರ್ಧ ಗೊತ್ತು, ನನ್ನದು ನಿಮಗೆ ಅರ್ಧ ಗೊತ್ತಿರುತ್ತದೆ. ಭಾಷೆ ಸಾಲದ ದಿನಗಳಲ್ಲಿ ಇದನ್ನು ಆಡಬಹುದು.’ ವಿನಿಮಯ ಎಂಬುದಕ್ಕೆ ಇಷ್ಟು ಕೆಲಸಕ್ಕೆ ಬರುವ ಪ್ರಸ್ತಾಪವನ್ನು ನಾನು ಬೇರೆ ಯಾವ ಪತ್ರದಲ್ಲೂ ನೋಡಿಲ್ಲ.

ಪತ್ರದಲ್ಲಿ ಸಡಿಲವಾದ ಜಾಗವೂ ಇದೆ, ಕೊನೆಯಲ್ಲಿ. ‘ಮರಳಿ ಬಂದು ನರ್ಸಿಂಗ್ ಓದಬೇಕೆಂದಿದ್ದೇನೆ, ಖಚಿತವಾಗಿ ಹೇಳಲಾರೆ’ ಎಂದು ಬರೆದಳು. ಪ್ರಾಮಾಣಿಕವೇ ಸರಿ. ಆದರೆ ವೀಸಾಕ್ಕೂ ಇಂಥದೇ ಪತ್ರ ಕೊಡಬೇಕಾಗುತ್ತದೆ, ಅಲ್ಲಿ ಓದುವವರು ಈ ಹುಡುಗಿ ವರ್ಷ ಮುಗಿದ ಮೇಲೆ ಏನು ಮಾಡುತ್ತಾಳೆಂದು ನೋಡುತ್ತಾರೆ. ಒಂದು ಪತ್ರದಲ್ಲಿ ಅನುಮಾನ, ಇನ್ನೊಂದರಲ್ಲಿ ಖಚಿತ ಯೋಜನೆ ಇದ್ದರೆ ಎರಡೂ ಬಿದ್ದುಹೋಗುತ್ತವೆ. ಆದ್ದರಿಂದ ಆ ಸಾಲನ್ನು ಬದಲಿಸಲು ಹೇಳಿದೆ. ಸುಳ್ಳು ಸೇರಿಸಲಿಲ್ಲ. ಯಾವ ಕೋರ್ಸಿಗೆ, ಯಾವ ತಿಂಗಳಲ್ಲಿ ಅರ್ಜಿ ಹಾಕುತ್ತಾಳೆ ಎಂದಷ್ಟೇ ಬರೆದೆವು. ಅರ್ಜಿ ಹಾಕುವುದು ಅವಳ ಕೈಯಲ್ಲಿತ್ತು, ಸೀಟು ಸಿಗುವುದು ಅಲ್ಲ. ಬೇರೆಲ್ಲೂ ನಾನು ಕೈಹಾಕಲಿಲ್ಲ.

ಸಂದರ್ಶನದಲ್ಲಿ ಅವಳ ಪದವಿಯ ಅಂಕಗಳನ್ನು ಯಾರೂ ಕೇಳಲಿಲ್ಲವಂತೆ. ಲೋಟ ಕುಕ್ಕಿದ ದಿನ ಅಜ್ಜಿ ಏನೆಂದರು ಎಂದು ಕೇಳಿದರಂತೆ. ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಪತ್ರಕ್ಕೆ ಕೂತಿದ್ದರೆ ದಯವಿಟ್ಟು ಮಾದರಿ ಪತ್ರ ಹುಡುಕಿ ಕೊಡಬೇಡಿ. ಅವರು ಕೆಲಸದಲ್ಲಿ ಸೋತ ಒಂದು ದಿನವನ್ನು, ಮಾರನೆಯ ದಿನ ಅದಕ್ಕೆ ಏನು ಮಾಡಿದರೆಂಬುದನ್ನು ಕೇಳಿ, ಅದನ್ನೇ ಬರೆಯಲು ಹೇಳಿ.